ಛತ್ರ, ಎಲೆ, ಹೂವು: ಮೂರು ದರಪಟ್ಟಿಗಳ ನಡುವೆ



ಹೋದ ವೈಶಾಖದಲ್ಲಿ ಮೈಸೂರಿನಲ್ಲಿ ನನ್ನ ಅಕ್ಕನ ಮಗಳ ವಿವಾಹ ನೆರವೇರಿತು. ನಿಶ್ಚಿತಾರ್ಥವಾದ ವಾರದೊಳಗೆ ಭಾವನವರು ಒಂದು ಕಡತವನ್ನು ನನ್ನ ಮುಂದಿಟ್ಟು, "ಲೆಕ್ಕದಲ್ಲಿ ನೀನು ಗಟ್ಟಿಗ, ಇದರಲ್ಲಿ ಯಾವುದು ಅಗ್ಗವೋ ನೋಡಿ ಹೇಳಪ್ಪ" ಎಂದರು. ಅದರಲ್ಲಿ ಎರಡು ಛತ್ರದವರ, ಇಬ್ಬರು ಅಡುಗೆ ಕಂಟ್ರಾಕ್ಟರರ ಹಾಗೂ ಒಬ್ಬ ಅಲಂಕಾರದವನ ದರಪಟ್ಟಿಗಳಿದ್ದುವು. ಮೊದಲನೆಯ ಛತ್ರದ ಬಾಡಿಗೆ 90,000 ರೂಪಾಯಿ, ಎರಡನೆಯದರದು 1,30,000. ಭಾವನವರ ಮನಸ್ಸು ಆಗಲೇ ಮೊದಲನೆಯದರ ಕಡೆಗೆ ವಾಲಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂತಹ ಸಂದರ್ಭದಲ್ಲಿ ನಾವು ಸಾಧಾರಣವಾಗಿ ಮಾಡುವ ತಪ್ಪೆಂದರೆ, ಛತ್ರವನ್ನು ಛತ್ರದೊಡನೆ, ಅಡುಗೆಯವರನ್ನು ಅಡುಗೆಯವರೊಡನೆ ತೂಗಿ, ಮೂರು ಪ್ರತ್ಯೇಕ ಪಟ್ಟಿಗಳನ್ನು ಬರೆದು ಸಮಾಧಾನಪಟ್ಟುಕೊಳ್ಳುವುದು. ಆದರೆ ಬಚ್ಚಿಟ್ಟ ಖರ್ಚುಗಳು ಬಹುತೇಕ ಯಾವೊಬ್ಬನ ಪಟ್ಟಿಯೊಳಗೂ ಇರುವುದಿಲ್ಲ. ಒಬ್ಬನು 'ಅದು ಛತ್ರದವರದು' ಎಂದೂ ಛತ್ರದವನು 'ಅದು ಪಾರ್ಟಿಯವರದು' ಎಂದೂ ಭಾವಿಸಿ ಬಿಟ್ಟ ಎಡೆಯಲ್ಲಿ ಅವು ಅವಿತುಕೊಂಡಿರುತ್ತವೆ. ಪಾರ್ಟಿಯವರೆಂದರೆ ಹಣ ಕೊಡುವ ನಾವು. ಆದುದರಿಂದ ಬೇಕಾದುದು ಮೂರು ಕೋಷ್ಟಕಗಳಲ್ಲ, ಒಂದೇ ಕೋಷ್ಟಕ.

ಒಂದು ದೊಡ್ಡ ಹಾಳೆಯನ್ನು ಅಡ್ಡಲಾಗಿ ಹಿಡಿದುಕೊಳ್ಳಿ. ಎಡಗಡೆಯಲ್ಲಿ ವ್ಯಾಪಾರಿಗಳ ಹೆಸರನ್ನು ಬರೆಯದೆ, ಮದುವೆಯಲ್ಲಿ ನಡೆಯತಕ್ಕ ಕೆಲಸಗಳನ್ನು ಒಂದರ ಕೆಳಗೊಂದರಂತೆ ಬರೆಯಿರಿ: ನೆಲ ಗುಡಿಸುವುದು, ಪಾತ್ರೆ ತೊಳೆಯುವುದು, ಒಲೆಗೆ ಗ್ಯಾಸು, ದೀಪಕ್ಕೆ ಕರೆಂಟು, ಕರೆಂಟು ಹೋದಾಗ ಜನರೇಟರು, ಕೊಠಡಿಗಳು, ಕುಡಿಯುವ ನೀರು, ಎಂಜಲೆಲೆಯ ವಿಲೇವಾರಿ, ಹೂವು, ಕುರ್ಚಿಯ ಹೊದಿಕೆ. ಬಲಗಡೆಯಲ್ಲಿ ಛತ್ರದವರು, ಅಡುಗೆಯವರು, ಅಲಂಕಾರದವರು ಎಂದು ಮೂರು ಕಂಬಗಳು, ಕೊನೆಯಲ್ಲಿ ಮೊಬಲಗಿಗೆ ಇನ್ನೊಂದು. ಪ್ರತಿ ಮನೆಯಲ್ಲಿಯೂ 'ಸೇರಿದೆ' ಅಥವಾ 'ಬೇರೆ' ಎಂಬ ಮಾತನ್ನು ಮಾತ್ರ ತುಂಬಬೇಕು. ಒಂದು ಸಾಲಿನ ಮೂರು ಮನೆಗಳೂ ಖಾಲಿಯಾಗಿ ಉಳಿದರೆ ಅದನ್ನು ಸೊನ್ನೆಯೆಂದು ತಿಳಿಯಬಾರದು. ಆ ಹಣ ನಮ್ಮ ಜೇಬಿನಿಂದಲೇ ಹೋಗುವುದೆಂದು ತಿಳಿಯಬೇಕು. ಅಂತಹ ಸಾಲುಗಳಿಗಾಗಿ ಪುನಃ ಫೋನು ಮಾಡಿ, ಉತ್ತರವನ್ನು ಬರೆಹದಲ್ಲಿ ತರಿಸಿಕೊಳ್ಳುವುದೇ ಕ್ಷೇಮ.

ನಮ್ಮ ಕೋಷ್ಟಕವನ್ನು ತುಂಬುತ್ತ ಹೋದಂತೆ ಅಗ್ಗದ ಛತ್ರದ ಕಂಬದಲ್ಲಿ 'ಬೇರೆ' ಎಂಬ ಪದವು ಮೇಲಿಂದ ಮೇಲೆ ಬರಲಾರಂಭಿಸಿತು. ಶುಚಿತ್ವಕ್ಕೆ 8,000, ಮೀಟರು ನೋಡಿ ಯೂನಿಟ್ಟಿಗೆ 18 ರೂಪಾಯಿಯಂತೆ, 600 ಯೂನಿಟ್ಟಿನ ಅಂದಾಜಿಗೆ, 10,800, ನಾಲ್ಕು ಕೊಠಡಿಗಳಿಗೆ 6,000, ಜನರೇಟರಿಗೆ 6,000. ಇವೆಲ್ಲವೂ ಸಹ್ಯವೇ. ಆದರೆ ಹೊರಗಿನ ಅಡುಗೆಯವರು ಛತ್ರದ ಪಾಕಶಾಲೆಯನ್ನು ಬಳಸಿದ್ದಕ್ಕೆ 15,000, ಹೊರಗಿನ ಅಲಂಕಾರದವನು ಒಳಗೆ ಕಾಲಿಟ್ಟದ್ದಕ್ಕೆ 10,000 ಎಂದು ವ್ಯವಸ್ಥಾಪಕರು ಕೇಳಿದಾಗ ಮಾತ್ರ ಭಾವನವರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಈ ಶುಲ್ಕಕ್ಕೆ ಅವರ ಭಾಷೆಯಲ್ಲಿ 'ರಾಯಲ್ಟಿ' ಎಂದು ಹೆಸರಂತೆ; ಗ್ರಂಥಕರ್ತರಿಗೆ ಸಲ್ಲುವ ಸಂಭಾವನೆಯ ಹೆಸರು ಹೀಗೆ ಛತ್ರದ ಬಾಗಿಲಿಗೆ ಬಂದು ನಿಂತದ್ದನ್ನು ಕಂಡು ನಾನು ಮೌನವಾಗಿದ್ದೆ. ಹೀಗೆ 90,000 ಹೋಗಿ 1,45,800 ಆಯಿತು; ಶೇಕಡಾ 18ರ ಜಿ.ಎಸ್.ಟಿ. ಸೇರಿ 1,72,044. ದುಬಾರಿಯೆನಿಸಿದ್ದ ಎರಡನೆಯ ಛತ್ರದಲ್ಲಿ ಜನರೇಟರಿನ 6,000 ಒಂದನ್ನುಳಿದು ಎಲ್ಲವೂ ಬಾಡಿಗೆಯೊಳಗೇ ಸೇರಿದ್ದುವಾಗಿ, ತೆರಿಗೆಯೊಡನೆ ಆದದ್ದು 1,60,480. ನಲವತ್ತು ಸಾವಿರ ಅಗ್ಗವಾಗಿದ್ದುದು ಹನ್ನೊಂದೂವರೆ ಸಾವಿರ ದುಬಾರಿಯಾಯಿತು.

ಲೆಕ್ಕ ಇಲ್ಲಿಗೇ ಮುಗಿಯಿತೆಂದುಕೊಂಡರೆ ಅಲಂಕಾರದವನು ತಕರಾರು ತೆಗೆದ. ಆರತಕ್ಷತೆ ಸಂಜೆ ಆರೂವರೆಗೆ. ವೇದಿಕೆ ಕಟ್ಟಿ ಹೂ ಮುಡಿಸಲು ಅವನಿಗೆ ಕನಿಷ್ಠ ಆರು ಗಂಟೆಯ ಕಾಲ ಬೇಕು. ಎರಡನೆಯ ಛತ್ರದವರು ಬೀಗದ ಕೈ ಕೊಡುವುದೋ ಮಧ್ಯಾಹ್ನ ಎರಡಕ್ಕೆ. ಬೆಳಿಗ್ಗೆಯೇ ಬಾಗಿಲು ತೆರೆಯಬೇಕಾದರೆ 10,000, ತೆರಿಗೆ ಸೇರಿ 11,800 ಎಂದರು. ಅಲ್ಲಿಗೆ ಉಳಿತಾಯವೆಲ್ಲ ಕರಗಿಹೋಯಿತು, ಏಕೆಂದರೆ ಮೊದಲನೆಯ ಛತ್ರದವರು ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆರೆಯುತ್ತಿದ್ದರು. ಈ ಖರ್ಚು ಛತ್ರದ ಪಟ್ಟಿಯಲ್ಲಿ ಇರಲಿಲ್ಲ, ಅಲಂಕಾರದ ಪಟ್ಟಿಯಲ್ಲಿಯೂ ಇರಲಿಲ್ಲ. ಇಬ್ಬರ ಗಡಿಯಾರಗಳನ್ನು ಒಂದೇ ಸಾಲಿನಲ್ಲಿ ಬರೆದಾಗ ಮಾತ್ರ ಕಣ್ಣಿಗೆ ಬಿತ್ತು. ಕಡೆಗೆ ಅಲಂಕಾರದವನು ಚೌಕಟ್ಟುಗಳನ್ನು ತನ್ನ ಗೋದಾಮಿನಲ್ಲಿಯೇ ಜೋಡಿಸಿ ತರಲು ಒಪ್ಪಿದ. ಹೆಚ್ಚಿನ ಲಾರಿಗೆ 3,000 ಕೊಟ್ಟೆವು. ಎಂಟೂವರೆ ಸಾವಿರವಂತೂ ಉಳಿಯಿತು.

ಅಡುಗೆಯವರ ವಿಷಯದಲ್ಲಿ ಎಲೆಯ ದರಕ್ಕಿಂತ ಎಲೆಯ ಸಂಖ್ಯೆ ಮುಖ್ಯ. ಒಬ್ಬರು ಎಲೆಗೆ 350 ರೂಪಾಯಿ ಎಂದಿದ್ದರು, ಆದರೆ ಎಷ್ಟೇ ಜನ ಬಂದರೂ 450 ಎಲೆಗಳಿಗೆ ಹಣ ಕೊಡತಕ್ಕದ್ದೆಂಬ ಕರಾರು; ಇನ್ನೊಬ್ಬರದು 390, ಕನಿಷ್ಠ 350 ಎಲೆ, ಅದಕ್ಕೆ ಮೇಲ್ಪಟ್ಟರೆ ಉಂಡಷ್ಟಕ್ಕೆ. ನಮ್ಮ ಅಂದಾಜು 380 ಮಂದಿ. ಮೊದಲನೆಯವರಿಗೆ 1,57,500 ತೆರಬೇಕಾಗುತ್ತಿತ್ತು, ಎರಡನೆಯವರಿಗೆ 1,48,200. ಇಬ್ಬರಿಗೂ ಶೇಕಡಾ 5ರ ತೆರಿಗೆ ಮೇಲೆ. ಒಲೆಯ ಗ್ಯಾಸಿನ ಸಾಲು ಎರಡೂ ಕಡೆ ಖಾಲಿಯಿದ್ದಿತು. ವಿಚಾರಿಸಲಾಗಿ, ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರುಗಳ ಬೆಲೆ ನಮ್ಮದೇ ಎಂದು ತಿಳಿಯಿತು. ಮನೆಯ ಸಿಲಿಂಡರನ್ನು ಒಯ್ದು ಕೊಡೋಣವೆಂಬ ಆಲೋಚನೆ ಕೂಡದು, ಅದು ನಿಯಮಕ್ಕೆ ವಿರುದ್ಧ.

ಉಂಡವರನ್ನು ಎಣಿಸುವ ಬಗೆಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೆಳಿಗ್ಗೆ ಬಾಳೆಲೆಯ ಕಟ್ಟುಗಳು ಬಂದಾಗ ಒಟ್ಟು ಎಷ್ಟೆಂದು ಇಬ್ಬರೂ ಕೂಡಿ ಬರೆದುಕೊಂಡು, ಕೊನೆಯ ಪಂಕ್ತಿ ಎದ್ದ ಮೇಲೆ ಉಳಿದುದನ್ನು ಕಳೆಯುವುದು ಹಳೆಯ ಕ್ರಮ. ಇದರಲ್ಲಿ ಒಂದು ತೊಡಕುಂಟು: ಹರಿದ ಎಲೆಗಳೂ ಬಡಿಸುವವರು ಉಂಡ ಎಲೆಗಳೂ ನಮ್ಮ ಲೆಕ್ಕಕ್ಕೇ ಬೀಳುತ್ತವೆ. ಆದುದರಿಂದ ನಮ್ಮ ಕಡೆಯ ಒಬ್ಬ ಹುಡುಗ ಪ್ರತಿ ಪಂಕ್ತಿ ಕುಳಿತಾಗಲೂ ಮೇಜುಗಳ ಸಾಲಿನಲ್ಲಿ ನಡೆದು ತಲೆಯೆಣಿಸಿ, ಅಡುಗೆಯವರ ಮೇಸ್ತ್ರಿಯಿಂದ ಆಗಲೇ ರುಜು ಹಾಕಿಸಿಕೊಂಡ. ಎಲೆಗಳ ಲೆಕ್ಕ 402 ಎಂದಿತು, ತಲೆಗಳ ಲೆಕ್ಕ 381. ಹಣ ಸಂದದ್ದು 381ಕ್ಕೆ.

ಹೂವಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಲಗ್ನದ ದಿನಗಳಲ್ಲಿ ಧಾರಣೆ ಏರಿದರೆ ವ್ಯತ್ಯಾಸ ಯಾರದೆಂಬುದನ್ನೂ, ಆರತಕ್ಷತೆಯ ಹೂವು ಮರುದಿನದ ಧಾರೆಯ ಹೊತ್ತಿಗೆ ಬಾಡಿದರೆ ಬದಲಿಸುವುದು ಮೊದಲ ದರದಲ್ಲಿ ಸೇರಿದೆಯೇ ಎಂಬುದನ್ನೂ ಕೇಳಿದರೆ ಸಾಕು. ಇನ್ನು ಛತ್ರದವರಲ್ಲಿ ಇಡುವ ಠೇವಣಿಯು ಖರ್ಚಲ್ಲವಾದರೂ ಅದಕ್ಕೊಂದು ಪ್ರತ್ಯೇಕ ಸಾಲಿಟ್ಟು, ಎಂದು ಹಿಂದಿರುಗುವುದೆಂಬ ದಿನಾಂಕವನ್ನು ಬರೆಸಿಕೊಳ್ಳಿರಿ.

ಮದುವೆಯ ಮಾರನೆಯ ದಿನ ಲೆಕ್ಕ ಚುಕ್ತಾ ಮಾಡುವಾಗ ನಮ್ಮ ಕೋಷ್ಟಕದಲ್ಲಿಲ್ಲದ ಬಾಬು ಒಂದೇ ಒಂದು ಹೊರಟಿತು: ಪುರೋಹಿತರ ಮುಂದಿಟ್ಟಿದ್ದ ಮೈಕಿನ ಬಾಡಿಗೆ, 2,500 ರೂಪಾಯಿ. ಅದಕ್ಕೂ ಈಗ ಒಂದು ಸಾಲು ಬರೆದಿಟ್ಟಿದ್ದೇನೆ, ತಾವೂ ಬರೆದುಕೊಳ್ಳಬಹುದು.