ಜೂಜು, ನಿದ್ದೆ ಮತ್ತು ಮನಸ್ಸು



ಜೂಜು ಆಡಿದರೆ ದುಡ್ಡು ಹೋಗುತ್ತೆ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದುಡ್ಡಿನ ಹಿಂದೆಯೇ ನಿದ್ದೆಯೂ ಹೋಗುತ್ತೆ. ಊಟ ಸೇರೋದಿಲ್ಲ. ಮನಸ್ಸು ಕುಗ್ಗುತ್ತೆ. ಇದನ್ನು ಮಾತ್ರ ನಾವು ಯಾರ ಹತ್ತಿರವೂ ಹೇಳೋದಿಲ್ಲ. ಇವತ್ತು ಆ ಮಾತನ್ನೇ ಆಡೋಣ. ಯಾವಾಗ ಮನೆಯಲ್ಲೇ ಸುಧಾರಿಸಿಕೊಳ್ಳಬಹುದು, ಯಾವಾಗ ಡಾಕ್ಟರ ಹತ್ತಿರ ಹೋಗಲೇಬೇಕು, ಇದನ್ನು ತಿಳಿಯೋಣ.

ಜೂಜು ಹೋಗಿಲ್ಲ, ವೇಷ ಬದಲಾಗಿದೆ

ಒಂದು ಕಾಲದಲ್ಲಿ ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಲಾಟರಿ ಅಂಗಡಿಗಳಿದ್ದವು. ಕೂಲಿ ದುಡ್ಡು ಸಂಜೆಯೊಳಗೆ ಅಲ್ಲೇ ಕರಗುತ್ತಿತ್ತು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಿತು. ಇಸ್ಪೀಟು, ಅಂದರ್ ಬಾಹರ್, ಮಟ್ಕಾ, ಕ್ರಿಕೆಟ್ ಬೆಟ್ಟಿಂಗ್ ನಿಲ್ಲಲಿಲ್ಲ. ಆಮೇಲೆ ಮೊಬೈಲ್ ಒಳಗೇ ರಮ್ಮಿ ಬಂತು. ತೋಟದ ಮರೆಗೆ ಹೋಗೋದೇ ಬೇಡವಾಯಿತು. ಕಂಬಳಿ ಹೊದ್ದು ಮಲಗಿಕೊಂಡೇ ಆಡಬಹುದಾಯಿತು. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಒಪ್ಪಿತು. ಒಳ್ಳೇದೇ ಆಯಿತು. ಆದರೆ ಕಾನೂನು ಬಂದ ದಿನವೇ ಮನಸ್ಸಿನ ಗೀಳು ಬಿಟ್ಟುಹೋಗೋದಿಲ್ಲ. ಮಾಡಿದ ಸಾಲವೂ ತೀರೋದಿಲ್ಲ.

ಒಂದು ಮನೆಯ ಲೆಕ್ಕ

ಗುಬ್ಬಿ ಕಡೆ ಒಂದು ಮನೆ ಇದೆ ಅಂದುಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಸ್ವಲ್ಪ ತೆಂಗು, ಎರಡು ಹಸು. ಯಜಮಾನರು ಒಂದು ದಿನ ಮೊಬೈಲಿನಲ್ಲಿ 100 ರೂಪಾಯಿ ಕಟ್ಟಿ ಆಡಿದರು. 600 ಬಂತು. ಆ ಸಂತೋಷ ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ವಾರ 3,000 ಹೋಯಿತು. "ಹೋದದ್ದನ್ನ ವಾಪಸ್ ತಗೊಂಡು ಬಿಟ್ಟುಬಿಡ್ತೀನಿ" ಅಂದುಕೊಂಡರು. ಅದಕ್ಕೆ ಸ್ನೇಹಿತರಿಂದ ಕೈಸಾಲ ಮಾಡಿದರು. ಅದೂ ಹೋಯಿತು.

ಅಕ್ಕಂದಿರೇ, ಗೀಳಿನ ಬೇರು ಇಲ್ಲೇ ಇದೆ. ಆಸೆಗೆ ಆಡುವವನು ಯಾವಾಗಲಾದರೂ ಎದ್ದು ಬರಬಹುದು. ಹೋದದ್ದನ್ನು ವಾಪಸ್ ತರಬೇಕು ಅಂತ ಆಡುವವನು ಏಳೋದಿಲ್ಲ. ಸೋತಷ್ಟೂ ಹೆಚ್ಚು ಕಟ್ಟುತ್ತಾನೆ. ಸುಳ್ಳು ಹೇಳುತ್ತಾನೆ. ಬಿಡಬೇಕು ಅಂತ ಅವನಿಗೂ ಅನ್ನಿಸುತ್ತೆ. ಬಿಟ್ಟರೆ ಕೈಕಾಲು ಆಡೋದಿಲ್ಲ, ಸಿಡಿಮಿಡಿ ಆಗುತ್ತೆ. ಮತ್ತೆ ಆಡುತ್ತಾನೆ. ಇದು ಬರೀ ಕೆಟ್ಟ ಬುದ್ಧಿ ಅಲ್ಲ. ಇದನ್ನು ವೈದ್ಯರು ಕಾಯಿಲೆ ಅಂತಲೇ ಗುರುತಿಸುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ.

ನಾಲ್ಕು ತಿಂಗಳಿಗೆ ಸಾಲ ಎಷ್ಟಾಯಿತು ನೋಡಿ. ಸ್ನೇಹಿತರ ಕೈಸಾಲ 15,000. ಸರ ಅಡವಿಟ್ಟದ್ದು 20,000. ಹೆಂಡತಿಯ ಸಂಘದಲ್ಲಿ ಎತ್ತಿಸಿದ್ದು 7,000. ಒಟ್ಟು 42,000 ರೂಪಾಯಿ.

ಈಗ ಆ ಮನೆಯ ರಾತ್ರಿ ನೋಡೋಣ. ಯಜಮಾನರಿಗೆ 1 ಗಂಟೆಯಾದರೂ ನಿದ್ದೆ ಹತ್ತೋದಿಲ್ಲ. ಹತ್ತಿದರೂ 4 ಗಂಟೆಗೇ ಎಚ್ಚರ. ಆಗ ಸಾಲದ ಯೋಚನೆ ದೊಡ್ಡದಾಗಿ ಕಾಣುತ್ತೆ. "ಇನ್ನೊಂದು ಆಟ ಆಡಿದರೆ ಎಲ್ಲ ಸರಿ ಹೋಗುತ್ತೆ" ಅನ್ನಿಸುತ್ತೆ. ನಿದ್ದೆಗೆಟ್ಟ ತಲೆಗೆ ಲೆಕ್ಕ ಸರಿಯಾಗಿ ಬರೋದಿಲ್ಲ. ಅದಕ್ಕೇ ಆ ಹೊತ್ತಿನಲ್ಲಿ ಆಡಿದವರು ಇನ್ನೂ ಸೋಲುತ್ತಾರೆ. ಜೂಜು ನಿದ್ದೆ ಕೆಡಿಸುತ್ತೆ, ನಿದ್ದೆಗೇಡು ಮತ್ತೆ ಜೂಜಿಗೆ ತಳ್ಳುತ್ತೆ. ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತು.

ಹಗಲಿನಲ್ಲಿ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ತೋಟದ ಕಡೆ ತಿರುಗಿ ನೋಡೋದಿಲ್ಲ. ನೆಂಟರ ಮದುವೆಗೂ ಬೇಡ ಅಂತಾರೆ. ಬೆಳಿಗ್ಗೆ ಮನಸ್ಸು ತೀರಾ ಭಾರ, ಸಂಜೆಗೆ ಸ್ವಲ್ಪ ಹಗುರ. ಇದು ಮನಸ್ಸು ಕುಗ್ಗಿದ್ದರ ಗುರುತು.

ಹೆಂಡತಿಯ ಪಾಡೇನು? ಬೈಕಿನ ಸದ್ದು ಕೇಳಿದರೆ ಎದೆ ಡವಡವ ಅನ್ನುತ್ತೆ. ಸಾಲದವರು ಬಂದರೇನೋ ಅಂತ ಕೈ ನಡುಗುತ್ತೆ, ಬೆವರು ಬರುತ್ತೆ. ಹಾಲಿನ ಡೈರಿಯ ದುಡ್ಡನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾಳೆ. ಗಂಡ ಎದ್ದನೇನೋ ಅಂತ ರಾತ್ರಿಯೆಲ್ಲ ಕಿವಿ ನೆಟ್ಟು ಮಲಗುತ್ತಾಳೆ. ಇದು ಆತಂಕ. ಜೂಜು ಆಡಿದವರು ಒಬ್ಬರು, ನಿದ್ದೆ ಕೆಟ್ಟದ್ದು ಇಬ್ಬರಿಗೆ. ಚಿಕಿತ್ಸೆಯೂ ಇಬ್ಬರಿಗೆ ಬೇಕಾಗಬಹುದು. ಕೆಲವು ಮನೆಗಳಲ್ಲಿ ಆಡುವವರು ಹೆಂಗಸರೇ ಆಗಿರಬಹುದು. ಅವರಿಗೂ ಇದೇ ಮಾತು.

ಎರಡು ವಾರದ ಗೆರೆ

ಸಾಲ ಆದಾಗ ಎರಡು ಮೂರು ರಾತ್ರಿ ನಿದ್ದೆ ಬಾರದಿರೋದು ಸಹಜ. ಅದಕ್ಕೆಲ್ಲ ಹೆದರಬೇಕಾಗಿಲ್ಲ. ಆದರೆ ಎಷ್ಟು ದಿನ ಅಂತ ಹೇಗೆ ತಿಳಿಯೋದು? ಗೋಡೆಯ ಕ್ಯಾಲೆಂಡರ್ ತಗೊಳ್ಳಿ. ನಿದ್ದೆಗೆಟ್ಟ ರಾತ್ರಿಗೆ ಒಂದು ಗೆರೆ ಹಾಕಿ. ದಿನವಿಡೀ ಮನಸ್ಸು ಭಾರವಾಗಿದ್ದರೆ ಒಂದು ಸೊನ್ನೆ ಹಾಕಿ. ಹೆಚ್ಚುಕಡಿಮೆ ದಿನವೂ ಗುರುತು ಬಿದ್ದು ಎರಡು ವಾರವಾದರೆ ಇನ್ನು ಕಾಯಬೇಡಿ. ಮನೆಕೆಲಸ, ಕೂಲಿ, ಮಕ್ಕಳ ಊಟ ನಿಂತುಹೋಗುವ ಹಾಗಿದ್ದರೆ ಎರಡು ವಾರವೂ ಕಾಯಬೇಡಿ. ಡಾಕ್ಟರ ಹತ್ತಿರ ಹೋಗಿ.

ಕೆಲವರು "ಗಾಳಿ ಸೋಕಿದೆ" ಅಂತಾರೆ, ದಾರ ಕಟ್ಟಿಸುತ್ತಾರೆ. ದೇವರಿಗೆ ಕೈ ಮುಗಿಯಬೇಡಿ ಅಂತ ನಾವು ಹೇಳೋದಿಲ್ಲ. ಆದರೆ ಅದಕ್ಕಾಗಿ ಆಸ್ಪತ್ರೆಯನ್ನು ಮುಂದಕ್ಕೆ ಹಾಕಬೇಡಿ. ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ಕೊಡಲೂಬೇಡಿ. ಒಳಗಿನ ಕಾಯಿಲೆ ಹಾಗೇ ಉಳಿಯುತ್ತೆ. ಮಾತ್ರೆಯೇ ಚಟವಾಗಬಹುದು. ಕುಡಿದವರು ಅದನ್ನು ನುಂಗಿದರೆ ಜೀವಕ್ಕೇ ಅಪಾಯ.

ಅವತ್ತೇ ಹೋಗಬೇಕಾದ ಗುರುತುಗಳು

ಕೆಲವು ಗುರುತು ಕಂಡರೆ ಕ್ಯಾಲೆಂಡರ್ ನೋಡುತ್ತಾ ಕೂರಬಾರದು. "ನಾನಿಲ್ಲದಿದ್ದರೆ ನೀವು ಚೆನ್ನಾಗಿರ್ತೀರ" ಅನ್ನೋದು. ಸಾಯುವ ಮಾತಾಡೋದು. "ಮಕ್ಕಳನ್ನ ಚೆನ್ನಾಗಿ ನೋಡ್ಕೊ" ಅಂತ ಕಾರಣವಿಲ್ಲದೆ ಒಪ್ಪಿಸೋದು. ಬಹಳ ದಿನ ಒದ್ದಾಡಿದವರು ಸಾಲ ಹಾಗೇ ಇದ್ದರೂ ದಿಢೀರ್ ಅಂತ ತಣ್ಣಗಾಗೋದು. ಇಲ್ಲದ ದನಿ ಕೇಳಿಸುತ್ತೆ ಅನ್ನೋದು. ರಾತ್ರಿ ಮೇಲೆ ರಾತ್ರಿ ಕಣ್ಣೇ ಮುಚ್ಚದಿರೋದು. ಇಂಥದ್ದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಅನುಮಾನ ಬಂದರೆ ನೇರವಾಗಿ ಕೇಳಿ. "ಏನ್ರೀ, ಬದುಕೋದೇ ಬೇಡ ಅನ್ನಿಸ್ತಾ ಇದೆಯಾ?" ಅಂತ ಮೆಲ್ಲಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಕೇಳಿದವರ ಹತ್ತಿರ ಮನಸ್ಸು ಬಿಚ್ಚುತ್ತಾರೆ. "ಹೌದು" ಅಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಬೆಳೆಯ ಔಷಧಿ, ಮಾತ್ರೆಗಳನ್ನು ಬೇರೆಯವರ ಮನೆಗೆ ಸಾಗಿಸಿ. ಕೂಡಲೇ ಹೋಗಬೇಕಾದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತೆ. ಮನೆಯಲ್ಲಿ ಹೊಡೆತ ಬಡಿತ ಶುರುವಾದರೆ 112ಕ್ಕೆ ಫೋನ್ ಮಾಡಿ.

ಈ ಗುರುತು ನಿಮ್ಮಲ್ಲೇ ಕಂಡರೂ ಹೀಗೇ ಮಾಡಬೇಕು. ಅಕ್ಕಪಕ್ಕದ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಅವರನ್ನು ಜೊತೆಗೆ ಇಟ್ಟುಕೊಂಡೇ ಹೋಗಿ.

ಎಲ್ಲಿಗೆ ಹೋಗೋದು? ಏನು ಮಾಡ್ತಾರೆ?

ಮೊದಲು 14416 ಅನ್ನುವ ನಂಬರ್ ಕಲಿಯೋಣ. ಇದು ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತೆ. ದುಡ್ಡು ಕೊಡಬೇಕಾಗಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಗಂಡ ಬರಲೊಲ್ಲೆ ಅಂದರೆ ಹೆಂಡತಿಯೇ ಫೋನ್ ಮಾಡಿ ಕೇಳಬಹುದು.

ಗುಬ್ಬಿಯವರು ಗುಬ್ಬಿ ತಾಲ್ಲೂಕು ಆಸ್ಪತ್ರೆಗೆ, ಕುಣಿಗಲ್ಲಿನವರು ಕುಣಿಗಲ್ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಅನ್ನುವ ಹೆಸರಲ್ಲಿ ಶುರುವಾಯಿತು. ನಿಮ್ಮ ಆಸ್ಪತ್ರೆಗೆ ಯಾವ ದಿನ ಬರ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡಿ. ಬಸ್ ಚಾರ್ಜು ಉಳಿಯುತ್ತೆ. ತುಮಕೂರಿನವರಿಗೆ ಜಿಲ್ಲಾ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುತ್ತಾರೆ. ಅಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೇ ಅಂತ 2014ರಲ್ಲಿ ಒಂದು ವಿಭಾಗ ಶುರುವಾಯಿತು.

ಡಾಕ್ಟರು ಏನು ಕೇಳ್ತಾರೆ? "ನಿದ್ದೆ ಹೇಗಿದೆ? ಎಷ್ಟು ದಿನದಿಂದ? ಕುಡಿತ ಇದೆಯಾ? ಸಾಯುವ ಯೋಚನೆ ಬಂದಿದೆಯಾ?" ಅಂತ ಕೇಳ್ತಾರೆ. ನಿಮ್ಮ ಕ್ಯಾಲೆಂಡರ್ ತೋರಿಸಿ. ಜೂಜಿನ ವಿಷಯ ಮುಚ್ಚಿಡಬೇಡಿ. ಬರೀ "ನಿದ್ದೆ ಇಲ್ಲ ಸಾರ್" ಅಂದರೆ ಅವರು ನಿದ್ದೆಗಷ್ಟೇ ಔಷಧಿ ಕೊಟ್ಟಾರು. ಪೊಲೀಸರಿಗೆ ಹೇಳಿಬಿಡ್ತಾರೇನೋ ಅಂತ ಹೆದರಬೇಡಿ. ರೋಗಿಯ ಮಾತನ್ನು ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾನೂನು ಹೇಳುತ್ತೆ.

ಚಿಕಿತ್ಸೆಯಲ್ಲಿ ಮಾತುಕತೆ ಮುಖ್ಯ. ಆಡಬೇಕು ಅನ್ನುವ ಸೆಳೆತ ಯಾವ ಹೊತ್ತಿಗೆ ಬರುತ್ತೆ, ಆಗ ಏನು ಮಾಡಬೇಕು ಅಂತ ಹೇಳಿಕೊಡ್ತಾರೆ. ಮನಸ್ಸು ತುಂಬ ಕುಗ್ಗಿದ್ದರೆ ಮಾತ್ರೆ ಕೊಡ್ತಾರೆ. ಆ ಮಾತ್ರೆ ಜ್ವರದ ಮಾತ್ರೆಯ ಹಾಗಲ್ಲ. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು. "ನಾಲ್ಕು ದಿನ ನುಂಗಿದ್ರು, ಏನೂ ಆಗಲಿಲ್ಲ" ಅಂತ ಬಿಡಬೇಡಿ. ಸ್ವಲ್ಪ ಚೆನ್ನಾಯಿತು ಅಂತಲೂ ನೀವೇ ನಿಲ್ಲಿಸಬೇಡಿ. ಡಾಕ್ಟರು ಹೇಳಿದಾಗ ನಿಲ್ಲಿಸಬೇಕು.

ಸಾಲವನ್ನು ಏನು ಮಾಡೋದು?

ಗುಬ್ಬಿ ಕಡೆಯ ಆ ಮನೆಗೆ ವಾಪಸ್ ಬರೋಣ. ಅಣ್ಣನೋ ಮಾವನೋ 42,000 ಒಂದೇ ಸಲ ತೀರಿಸಿಬಿಟ್ಟರೆ? ಮನೆಗೆ ನಿರಾಳ. ಆದರೆ ಚಿಕಿತ್ಸೆ ಇಲ್ಲದೆ ಹಾಗೆ ಮಾಡಿದರೆ ಜೂಜಿನ ದಾರಿ ಮತ್ತೆ ತೆರೆದಂತೆ. "ಸೋತರೆ ಯಾರೋ ತೀರಿಸ್ತಾರೆ" ಅಂತ ಮನಸ್ಸು ಕಲಿತುಬಿಡುತ್ತೆ. ಅದಕ್ಕೆ ಗಂಡ ಹೆಂಡತಿ ಕೂತು ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆಯಬೇಕು. ಗಂಡ ಒಪ್ಪಿ ಎಟಿಎಂ ಕಾರ್ಡನ್ನು ಹೆಂಡತಿಯ ಕೈಗೆ ಕೊಡಬೇಕು. ಹಳೇ ಸಾಲ ತೀರಿಸಲು ಹೊಸ ಸಾಲ ಮಾಡಬಾರದು. ತಿಂಗಳಿಗೆ 3,000 ಕೊಟ್ಟರೆ 14 ತಿಂಗಳಿಗೆ ಅಸಲು ತೀರುತ್ತೆ. ಬಡ್ಡಿ ಇದ್ದರೆ ಇನ್ನೂ ಕೆಲವು ತಿಂಗಳು. ಎಷ್ಟು ಸಾಲ, ಯಾವತ್ತಿಗೆ ತೀರುತ್ತೆ ಅಂತ ಗೊತ್ತಾದ ಮೇಲೆ 4 ಗಂಟೆ ರಾತ್ರಿಯ ಯೋಚನೆ ಸ್ವಲ್ಪ ಚಿಕ್ಕದಾಗುತ್ತೆ.

ನಡುವೆ ಒಂದು ದಿನ ಅವರು ಮತ್ತೆ ಆಡಿಬಿಡಬಹುದು. ಅಂಥ ದಿನ ಮನಸ್ಸು ಬಹಳ ಕುಸಿಯುತ್ತೆ, ಆಗ ಅವರ ಮೇಲೆ ಕಣ್ಣಿಡಿ. "ಚಿಕಿತ್ಸೆ ದಂಡ" ಅಂತ ಬಿಡಬೇಡಿ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಅದನ್ನೂ ಹೇಳಿ.

ಈಗ ಎಲ್ಲರೂ ಸ್ಲೇಟು ತಗೊಳ್ಳಿ. ದೊಡ್ಡದಾಗಿ ಬರೆಯಿರಿ: 14416. ಅದರ ಕೆಳಗೆ ಬರೆಯಿರಿ: 108. ಮನೆಗೆ ಹೋದ ಮೇಲೆ ಕ್ಯಾಲೆಂಡರಿನ ಮೂಲೆಯಲ್ಲೂ ಇವನ್ನು ಬರೆದಿಡಿ.