ಉಪ್ಪು ಕರಗುವಲ್ಲಿ ಮೆಗ್ನೀಷಿಯಂ ಆಕ್ಸೈಡ್ ಕರಗದಿರುವುದೇಕೆ?



ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಮಕ್ಕಳಿಗೆ ತಾಂಡೂರಿನ ಸುಣ್ಣಕಲ್ಲು ಪರಿಚಿತವಾದುದು. ಅದು ನೆಲಕ್ಕೆ ಹಾಸುವ ಕಲ್ಲು ಮಾತ್ರವಲ್ಲ, ಸಿಮೆಂಟಿನ ಕಚ್ಚಾವಸ್ತುವೂ ಹೌದು. ಸಿಮೆಂಟಿನ ಗೂಡಿನಲ್ಲಿ ಸುಣ್ಣಕಲ್ಲು ಜೇಡಿಯೊಡನೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಇಂಥ ಗೂಡುಗಳ ಅತಿ ಬಿಸಿಯಾದ ಭಾಗದ ಒಳಮೈಗೆ ಮೆಗ್ನೀಷಿಯಂ ಆಕ್ಸೈಡ್ ಪ್ರಧಾನವಾಗಿರುವ ಇಟ್ಟಿಗೆಗಳನ್ನು ಹೊದಿಸುವುದುಂಟು. ಅದು ಕರಗಲು ಸುಮಾರು 2850 ಡಿಗ್ರಿ ಬೇಕು. ಅಡುಗೆಯ ಉಪ್ಪಾದರೋ 801 ಡಿಗ್ರಿಯಲ್ಲಿಯೇ ದ್ರವವಾಗುತ್ತದೆ.

ಈ ಎರಡರ ಸ್ಫಟಿಕ ರಚನೆಯು ಒಂದೇ. ಪ್ರತಿಯೊಂದು ಅಯಾನನ್ನೂ ವಿರುದ್ಧ ಆವೇಶದ ಆರು ಅಯಾನುಗಳು ಸುತ್ತುವರಿದಿವೆ. ಆದುದರಿಂದ ಕಾರಣವನ್ನು ಜೋಡಣೆಯಲ್ಲಲ್ಲ, ಅಯಾನುಗಳ ಆಕರ್ಷಣೆಯಲ್ಲಿ ಹುಡುಕಬೇಕು. ಒಂದು ಮೋಲ್ ಸ್ಫಟಿಕವನ್ನು ಪರಸ್ಪರ ಬಹುದೂರದಲ್ಲಿರುವ ಅನಿಲರೂಪದ ಅಯಾನುಗಳನ್ನಾಗಿ ಬಿಡಿಸಲು ಬೇಕಾಗುವ ಶಕ್ತಿಯೇ ಜಾಲಕ ಶಕ್ತಿ. ಅದು NaCl ಗೆ ಸುಮಾರು 787 ಕಿಲೊಜೂಲ್, MgO ಗೆ ಸುಮಾರು 3800 ಕಿಲೊಜೂಲ್.

ಜಾಲಕ ಶಕ್ತಿಯು ಆವೇಶಗಳ ಗುಣಲಬ್ಧದೊಡನೆ ಹೆಚ್ಚುತ್ತದೆ, ಅಯಾನುಗಳ ಅಂತರದೊಡನೆ ಕುಗ್ಗುತ್ತದೆ. ಉಪ್ಪಿನಲ್ಲಿ ಆ ಗುಣಲಬ್ಧ 1, MgO ದಲ್ಲಿ 2 × 2, ಅಂದರೆ 4. ಅಂತರವು ಉಪ್ಪಿನಲ್ಲಿ 282 ಪಿಕೊಮೀಟರ್, MgO ದಲ್ಲಿ 211. ಅಂತರದಿಂದ ದೊರೆಯುವ ಹೆಚ್ಚಳವು ಸುಮಾರು 1.34 ಪಟ್ಟು, ಒಟ್ಟು 5.3 ಪಟ್ಟಿನಷ್ಟು. ನಿಜವಾದ ಅನುಪಾತವು 4.8. ಎಲೆಕ್ಟ್ರಾನ್ ಮೋಡಗಳ ವಿಕರ್ಷಣೆ ಮೊದಲಾದವನ್ನು ಈ ಸರಳ ಲೆಕ್ಕವು ಗಣಿಸದಿರುವುದರಿಂದ ಇಷ್ಟು ವ್ಯತ್ಯಾಸವು ಸಹಜ.

ಆವೇಶ, ಅಂತರಗಳಲ್ಲಿ ಯಾವುದು ಮುಖ್ಯವೆಂಬುದನ್ನು ಸೋಡಿಯಂ ಫ್ಲೋರೈಡ್ ತೋರಿಸಿಕೊಡುತ್ತದೆ. ಅದರ ರಚನೆಯೂ ಇದೇ. ಅಂತರವು 231 ಪಿಕೊಮೀಟರ್, MgO ಗೆ ಸಮೀಪ. ಆದರೂ ಅದು ಸುಮಾರು 995 ಡಿಗ್ರಿಯಲ್ಲಿ ಕರಗುತ್ತದೆ. ಅಂತರ ಕುಗ್ಗಿದ್ದರಿಂದ ಉಪ್ಪಿಗಿಂತ ಏರಿದ್ದು ಇನ್ನೂರು ಡಿಗ್ರಿಯೊಳಗೆ. ಉಳಿದ ಏರಿಕೆಯ ಬಹುಪಾಲು ಆವೇಶ ಇಮ್ಮಡಿಯಾದುದರ ಫಲ.

ಇಲ್ಲಿ ವಿದ್ಯಾರ್ಥಿಗಳು ಒಂದು ತಪ್ಪು ಮಾಡುವುದುಂಟು. ಜಾಲಕ ಶಕ್ತಿಯು ಐದು ಪಟ್ಟಾದರೆ ದ್ರವನ ಬಿಂದುವೂ ಐದು ಪಟ್ಟಾಗಬೇಕೆಂದು ಅವರು ಭಾವಿಸುತ್ತಾರೆ. ಕೆಲ್ವಿನ್ ಮಾನದಲ್ಲಿ ಇವೆರಡರ ದ್ರವನ ಬಿಂದುಗಳು ಸುಮಾರು 1074 ಮತ್ತು 3125. ಅನುಪಾತವು ಮೂರಕ್ಕಿಂತ ತುಸು ಕಡಿಮೆ. ಕರಗುವಾಗ ಅಯಾನುಗಳು ದೂರ ಸರಿದು ಬೇರೆಯಾಗುವುದಿಲ್ಲ; ಕ್ರಮಬದ್ಧ ನೆಲೆಯನ್ನು ಬಿಟ್ಟರೂ ಒಂದರ ಪಕ್ಕದಲ್ಲಿ ಒಂದು ಉಳಿಯುತ್ತವೆ. ಆದುದರಿಂದ ಜಾಲಕ ಶಕ್ತಿಯು ದ್ರವನ ಬಿಂದುವಿನ ಏರಿಳಿತದ ದಿಕ್ಕನ್ನು ಸೂಚಿಸುವುದೇ ಹೊರತು ಅದರ ನಿಖರ ಬೆಲೆಯನ್ನಲ್ಲ.

ಪಾಠದ ಕೊನೆಗೆ ತಾಂಡೂರಿನ ಕಲ್ಲನ್ನು ಸುಟ್ಟರೆ ದೊರೆಯುವ ಸುಣ್ಣದ, ಅಂದರೆ CaO ದ, ಪ್ರಶ್ನೆಯನ್ನು ಮಕ್ಕಳ ಮುಂದಿಡಬಹುದು. ಇದರ ಆವೇಶಗಳು MgO ದವೇ. ಅಂತರವು 240 ಪಿಕೊಮೀಟರ್. ಅದು MgO ಗಿಂತ ಬೇಗ, ಆದರೆ NaF ಗಿಂತ ಬಹಳ ಮೇಲಿನ ತಾಪದಲ್ಲಿ ಕರಗಬೇಕೆಂದು ಉತ್ತರಿಸಿದ ವಿದ್ಯಾರ್ಥಿಗೆ ವಿಷಯವು ತಿಳಿದಿದೆ. ವಾಸ್ತವದ ಬೆಲೆ ಸುಮಾರು 2600 ಡಿಗ್ರಿ.