ಮನೆಮಾತಿನಲ್ಲಿ ಯಾರೂ ತೊದಲುವುದಿಲ್ಲ



ಚಾಮರಾಜಪೇಟೆಯ ಈ ಸಭಾಂಗಣದಿಂದ ಸಿಟಿ ಮಾರ್ಕೆಟ್ ಕಡೆಗೆ ನಡೆದು ಹೋದರೆ ದಾರಿಯುದ್ದಕ್ಕೂ ದಖನಿ ಕಿವಿಗೆ ಬೀಳುತ್ತದೆ. ಹಣ್ಣಿನ ಗಾಡಿಯ ಹತ್ತಿರ, ಆಟೋ ಸ್ಟ್ಯಾಂಡಿನಲ್ಲಿ, ಹೊಲಿಗೆ ಅಂಗಡಿಯ ಒಳಗೆ, ಎಲ್ಲೆಲ್ಲೂ ಅದು ಇದೆ. ಈ ಊರಿನಲ್ಲಿ ತಲೆಮಾರುಗಳಿಂದ ಆಡುತ್ತಾ ಬಂದ ಮಾತು ಅದು. ಆದರೆ ನಮ್ಮ ನಾಟಕ, ಸಿನಿಮಾಗಳು ದಖನಿ ಆಡುವವರಿಗೆ ಕೊಟ್ಟಿರುವ ಕನ್ನಡ ಯಾವುದೆಂದು ನೆನಪಿಸಿಕೊಳ್ಳಿ. 'ನಮ್ದುಕೆ', 'ನಿಮ್ದುಕೆ', 'ನಾನು ಬರ್ತಾನೆ'. ಒಬ್ಬ ಸಾಬಿ ವೇದಿಕೆಗೆ ಬಂದ ಎಂದು ತಿಳಿಸಲು ಇಷ್ಟು ಸಾಕಾಗುತ್ತಿತ್ತು. ಜನ ನಗುತ್ತಿದ್ದರು. ಕತೆ, ಕಾದಂಬರಿಯ ಅನುವಾದಕರ ಕಿವಿಯಲ್ಲೂ ಇದೇ ಕನ್ನಡ ಕೂತಿದೆ. ಪಾತ್ರದ ಹೆಸರು ಕಂಡ ಕೂಡಲೇ ಪೆನ್ನಿಗೆ ತಾನಾಗಿ ಇಳಿಯುತ್ತದೆ.

ಪಾತ್ರದ ನುಡಿಯನ್ನು ಅನುವಾದಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಈ ಗಳಿಗೆಯಲ್ಲಿ ಈಕೆ ಯಾವ ಭಾಷೆಯಲ್ಲಿ, ಯಾರೊಡನೆ ಮಾತಾಡುತ್ತಿದ್ದಾಳೆ? ತಾಯಿಯೊಡನೆ ದಖನಿಯಲ್ಲಿ ಮಾತಾಡುತ್ತಿದ್ದರೆ ಅವಳ ಮಾತು ಸರಾಗವಾಗಿದೆ. ಅದರಲ್ಲಿ ಗಾದೆ ಇದೆ, ಚುಚ್ಚುಮಾತಿದೆ, ಮುದ್ದಿದೆ. ಅಂಥ ಮಾತನ್ನು ಒಡಕು ಕನ್ನಡದಲ್ಲಿ ಬರೆದರೆ, ಇಲ್ಲದ ಮುಗ್ಗರಿಕೆಯನ್ನು ಅವಳ ಮೇಲೆ ಹೊರಿಸಿದಂತಾಗುತ್ತದೆ. ಒಂದು ಉದಾಹರಣೆಯನ್ನು ನಾನೇ ಕಟ್ಟಿ ಹೇಳುತ್ತೇನೆ. ಮಗಳು ತಾಯಿಗೆ ದಖನಿಯಲ್ಲಿ 'ಮೇರೆಕು ನಕ್ಕೊ ಅಮ್ಮೀ, ತುಮೀಚ್ ಖಾವ್' ಎನ್ನುತ್ತಾಳೆ. ತಟ್ಟೆಯಲ್ಲಿ ಉಳಿದದ್ದು ಒಬ್ಬರಿಗಾಗುವಷ್ಟು ಮಾತ್ರ. ಹಳೆಯ ರೂಢಿಯ ಅನುವಾದ 'ನಮ್ದುಕೆ ಬೇಡ ಅಮ್ಮೀ, ನಿಮ್ದೇ ತಿಂತಾನೆ' ಎಂದಾಗುತ್ತದೆ, ಸಂಕಟದ ಸನ್ನಿವೇಶ ಅಲ್ಲಿಗೆ ಮುಗಿಯಿತು. ಇದಕ್ಕೆ ಹೆದರಿದವರು 'ನನಗೆ ಬೇಡ ತಾಯಿ, ತಾವೇ ಸೇವಿಸಿರಿ' ಎಂದು ಬರೆದರೆ ಮಗಳು ಪಠ್ಯಪುಸ್ತಕದಿಂದ ಎದ್ದು ಬಂದವಳಾಗುತ್ತಾಳೆ. ನಾನಾದರೆ 'ನಂಗೆ ಬೇಡ ಅಮ್ಮೀ, ನೀವೇ ತಿನ್ನಿ' ಎಂದು ಬರೆಯುತ್ತೇನೆ. ದಖನಿಯವರು ಒತ್ತಿ ಹೇಳಲು 'ಚ್' ಸೇರಿಸುತ್ತಾರೆ. ಕನ್ನಡದ 'ಏ' ಅದೇ ಜಾಗದಲ್ಲಿ ಅದೇ ಕೆಲಸ ಮಾಡುತ್ತದೆ. 'ಅಮ್ಮೀ' ಎಂಬ ಕರೆ ಹಾಗೇ ಉಳಿದರೆ ಮನೆ ಯಾವುದೆಂದು ಓದುಗರಿಗೆ ಗೊತ್ತಾಗುತ್ತದೆ.

ಇಲ್ಲಿಂದ ಹತ್ತಿರದ ಗವಿಪುರದಲ್ಲಿ ಮಾಸ್ತಿಯವರು ಇದ್ದರು. ಅವರ ಮನೆಮಾತು ತಮಿಳು. ಅವರ ಕತೆಗಳ ಅಯ್ಯಂಗಾರ್ ಮನೆತನದವರು ತಿಳಿಯಾದ ಕನ್ನಡದಲ್ಲಿ ಮಾತಾಡಿದಾಗ ಯಾವ ಓದುಗನೂ ಇದು ಹೇಗೆ ಸಾಧ್ಯ ಎಂದು ಕೇಳಲಿಲ್ಲ. ಮನೆಯೊಳಗಿನ ತಮಿಳು ಪುಟದ ಮೇಲೆ ಕನ್ನಡವಾಗಿದೆ ಎಂದು ನಾವು ಸಹಜವಾಗಿ ಒಪ್ಪಿಕೊಂಡೆವು. ಆ ಒಪ್ಪಂದವನ್ನು ದಖನಿಯವರ ಜೊತೆಗೂ ಮಾಡಿಕೊಳ್ಳದಿರಲು ಭಾಷೆಯೊಳಗೆ ಯಾವ ಕಾರಣವೂ ಇಲ್ಲ. ಕಾರಣ ಇರುವುದು ಯಾರನ್ನು ನೋಡಿ ನಗಬಹುದು ಎಂಬ ನಮ್ಮ ಅಭ್ಯಾಸದಲ್ಲಿ.

ಇನ್ನು ಅದೇ ಹುಡುಗಿ ಬೀದಿಗೆ ಬಂದು ಕನ್ನಡ ಆಡುತ್ತಾಳೆ ಎನ್ನಿ. ಚಾಮರಾಜಪೇಟೆಯಲ್ಲೇ ಹುಟ್ಟಿ ಬೆಳೆದವಳಾದರೆ ಅವಳ ಕನ್ನಡ ನಿಮ್ಮ ಕನ್ನಡದಷ್ಟೇ ಸಲೀಸು. ಅಲ್ಲಿ ಯಾವ ಗುರುತೂ ಬೇಕಾಗಿಲ್ಲ. ಆದರೆ ಮದುವೆಯಾಗಿ ಹೋದ ವರ್ಷ ಹೈದರಾಬಾದಿನಿಂದ ಬಂದ ಸೊಸೆಯೊಬ್ಬಳು ಅಂಗಡಿಯವನೊಡನೆ ಮಾತಾಡುವಾಗ ಕನ್ನಡ ಹೊಸದೆಂಬುದು ಕೇಳಬೇಕು. ಇದನ್ನು ತೋರಿಸಲು ತಪ್ಪು ಕನ್ನಡ ಬರೆಯಬೇಕಾಗಿಲ್ಲ. ಹೊಸದಾಗಿ ಕನ್ನಡ ಕಲಿಯುವವರ ಮಾತು ಕೇಳಿ ನೋಡಿ. ಕನ್ನಡದ ಕ್ರಿಯಾಪದ ನಾನು, ನೀನು, ಅವನು, ಅವಳು ಎಂದು ಪ್ರತಿ ಸಲ ರೂಪ ಬದಲಿಸುತ್ತದೆ. ಕಲಿಯುವವರಿಗೆ ಆ ತೊಡಕು ಗೊತ್ತು, ಅದಕ್ಕೇ ಬದಲಾಗದ ರೂಪಗಳನ್ನು ಹಿಡಿದುಕೊಳ್ಳುತ್ತಾರೆ. ಬೇಕು, ಬೇಡ, ಇಲ್ಲ, ಗೊತ್ತು, ಆಯ್ತು, ಬರೋದು, ಕೊಡೋದು. 'ಅರ್ಧ ಕೇಜಿ ಬೇಕು. ಚಿಲ್ಲರೆ ಇಲ್ಲ. ನಾಳೆ ಕೊಡೋದು, ಆಯ್ತಾ?' ಇದರಲ್ಲಿ ಒಂದೂ ತಪ್ಪಿಲ್ಲ. ಆದರೂ ಹೊಸಬಳು ಎಂಬುದು ಕೇಳುತ್ತದೆ. ಅವಳು ಚುರುಕಿನವಳು ಎಂಬುದೂ ಕೇಳುತ್ತದೆ. 'ನಾನು ಬರ್ತಾನೆ' ಎಂಬ ನಾಟಕದ ಕನ್ನಡದಲ್ಲಿ ಯಾರು ಮಾತಾಡಿದರೂ ಒಂದೇ ತಪ್ಪು, ಎಲ್ಲರಿಗೂ ಒಂದೇ ವಯಸ್ಸು, ಒಂದೇ ಬುದ್ಧಿ. ವ್ಯಂಗ್ಯಚಿತ್ರವನ್ನು ಗುರುತಿಸುವುದು ಹೀಗೆ. ಹೆಸರು ಮುಚ್ಚಿ ಓದಿದಾಗ ಆ ಸಮುದಾಯದ ಇಬ್ಬರು ಒಬ್ಬರಂತೆಯೇ ಕೇಳಿಸಿದರೆ, ನೀವು ಬರೆದದ್ದು ಜಾತಿಯ ಮಾತು, ವ್ಯಕ್ತಿಯ ಮಾತಲ್ಲ.

ಕಾಗುಣಿತದ ವಿಚಾರದಲ್ಲಿ ನನಗೆ ಇನ್ನೂ ಖಚಿತ ಅಭಿಪ್ರಾಯವಿದೆ. ಹಳ್ಳಿಯ ಆಳಿನ ಬಾಯಲ್ಲಿ 'ದರ್ಮ', 'ಸಾಲೆ' ಎಂದು ಬರೆಯುತ್ತೇವೆ, ವಕೀಲರ ಬಾಯಲ್ಲಿ 'ಧರ್ಮ', 'ಶಾಲೆ'. ಬಸವನಗುಡಿಯ ವಕೀಲರು ಬೇಗ ಮಾತಾಡುವಾಗ ಗಮನವಿಟ್ಟು ಕೇಳಿ, ಮಹಾಪ್ರಾಣ ಅವರ ಬಾಯಿಂದಲೂ ಜಾರಿ ಹೋಗುತ್ತದೆ. ಮಲ್ಲೇಶ್ವರದವರು 'ಹೋಗುತ್ತಿದ್ದೇನೆ' ಎನ್ನುವುದಿಲ್ಲ, 'ಹೋಗ್ತಾ ಇದೀನಿ' ಎನ್ನುತ್ತಾರೆ. ಅಂದರೆ ಒಬ್ಬರ ಮಾತನ್ನು ಕೇಳಿದಂತೆ, ಇನ್ನೊಬ್ಬರ ಮಾತನ್ನು ನಿಘಂಟಿನಲ್ಲಿರುವಂತೆ ಬರೆದು, ಆ ವ್ಯತ್ಯಾಸವನ್ನು ಬಡವನ ನಾಲಗೆಯ ಮೇಲೆ ಹಾಕಿಬಿಟ್ಟಿದ್ದೇವೆ. ಎಲ್ಲರನ್ನೂ ಕಿವಿಯಿಂದ ಬರೆಯಿರಿ, ಇಲ್ಲವೇ ಎಲ್ಲರಿಗೂ ನಿಘಂಟಿನ ಕಾಗುಣಿತ ಕೊಟ್ಟು ಊರಿನ ಸೊಗಡನ್ನು ಪದಗಳ ಜೋಡಣೆಯಲ್ಲಿ, ಕರೆಯುವ ರೀತಿಯಲ್ಲಿ ತನ್ನಿ. ದೇವನೂರ ಮಹಾದೇವರ 'ಕುಸುಮಬಾಲೆ' ಮೊದಲ ದಾರಿ ಹಿಡಿಯಿತು. ಅಲ್ಲಿ ನಿರೂಪಣೆಯೇ ಆ ಸೀಮೆಯ ನುಡಿಯಲ್ಲಿರುವುದರಿಂದ ಯಾವ ಪಾತ್ರವೂ ವಿಚಿತ್ರವಾಗಿ ಕೇಳುವುದಿಲ್ಲ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದೇ ತೊಡಕು ಇನ್ನೊಂದು ಮೆಟ್ಟಿಲು ಹತ್ತುತ್ತದೆ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಹೆಂಗಸರು ಮನೆಯಲ್ಲಿ ಆಡುವ ದಖನಿಯನ್ನು ಲೇಖಕಿಯೇ ಮೊದಲು ಕನ್ನಡಕ್ಕೆ ತಂದಿರುತ್ತಾರೆ. ಅದನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. 'ಹಾರ್ಟ್ ಲ್ಯಾಂಪ್' ಎಂಬ ಆ ಹನ್ನೆರಡು ಕತೆಗಳ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಲಂಡನ್ನಿನದೋ ಅಮೆರಿಕದ್ದೋ ಬಡವರ ಇಂಗ್ಲಿಷನ್ನು ಎರವಲು ತಂದು ಹಾಸನದ ಹೆಂಗಸಿಗೆ ತೊಡಿಸುವ ಸುಲಭದ ದಾರಿ ಅವರ ಮುಂದೆ ಇತ್ತು. ಅವರು ಅದನ್ನು ಹಿಡಿಯಲಿಲ್ಲ. ಕನ್ನಡ, ಉರ್ದು, ಅರೇಬಿಕ್ ಪದಗಳನ್ನು ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಬಿಟ್ಟರು, ಇಟಾಲಿಕ್ಸ್ ಯಾಕೆ ಬೇಡ ಎಂಬುದನ್ನು ಪುಸ್ತಕದಲ್ಲೇ ಬರೆದರು. ಓರೆ ಅಕ್ಷರ ಆ ಪದವನ್ನು ಅನ್ಯ ಎಂದು ಬೆರಳು ಮಾಡಿ ತೋರಿಸುತ್ತದೆ. ಆಡುವವಳಿಗೆ ಅದು ದಿನನಿತ್ಯದ ಪದ.

ಮನೆಮಾತನ್ನು ಸರಾಗವಾಗಿಯೇ ಬರೆಯುವ ದಾರಿಗೂ ಒಂದು ಮಿತಿ ಇದೆ. ಭಾಷೆ ಬದಲಾಗುವುದೇ ಕತೆಯ ಘಟನೆಯಾದಾಗ ಎಲ್ಲವನ್ನೂ ಸರಾಗ ಮಾಡಿದರೆ ಘಟನೆಯೇ ಕಾಣೆಯಾಗುತ್ತದೆ. ಮನೆಯಲ್ಲಿ ದಖನಿಯಲ್ಲಿ ಜಗಳವಾಡುತ್ತಿದ್ದವಳು ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಕನ್ನಡಕ್ಕೆ ಹೊರಳುತ್ತಾಳೆ. ಆಗ 'ಕನ್ನಡದಲ್ಲಿ ಹೇಳಿದಳು' ಎಂದು ನಿರೂಪಣೆಯಲ್ಲಿ ನೇರವಾಗಿ ಬರೆದುಬಿಡಿ. ಜೊತೆಗೆ 'ನೀವು' ಹೋಗಿ 'ಸಾರ್' ಬರಲಿ, ವಾಕ್ಯ ಗಿಡ್ಡವಾಗಲಿ. ಅಷ್ಟರಿಂದಲೇ ಓದುಗರಿಗೆ ಅವಳ ಭಯ ತಿಳಿಯುತ್ತದೆ.

ಕೊನೆಗೆ ಅಚ್ಚಿನ ಮನೆಯ ವಿಚಾರ. ಎಷ್ಟೋ ಒಳ್ಳೆಯ ಅನುವಾದಗಳು ಕರಡು ತಿದ್ದುವ ಮೇಜಿನ ಮೇಲೆ ಕೆಡುತ್ತವೆ. ಒಂದು ಪುಟದಲ್ಲಿ 'ನಂಗೆ' ಉಳಿದು ಮುಂದಿನ ಪುಟದಲ್ಲಿ 'ನನಗೆ' ಆಗುತ್ತದೆ, 'ಅಮ್ಮೀ' ಹೋಗಿ 'ಅಮ್ಮಾ' ಬರುತ್ತದೆ. ತಿದ್ದುವವರ ತಪ್ಪಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಹಸ್ತಪ್ರತಿಯ ಜೊತೆ ಒಂದು ಹಾಳೆ ಇಡಿ. ಪ್ರತಿ ಪಾತ್ರದ ಹೆಸರು, ಅವರು ಯಾರನ್ನು ಹೇಗೆ ಕರೆಯುತ್ತಾರೆ, ಅವರ ಬಾಯಲ್ಲಿ ತಿದ್ದಬಾರದ ರೂಪಗಳು, ಇಷ್ಟನ್ನು ಅದರಲ್ಲಿ ಬರೆಯಿರಿ. ಕಳಿಸುವ ಮೊದಲು ಆ ನುಡಿಯನ್ನು ಮನೆಯಲ್ಲಿ ಆಡುವವರೊಬ್ಬರನ್ನು ಕೂರಿಸಿಕೊಂಡು ಸಂಭಾಷಣೆಯನ್ನು ಮಾತ್ರ ಗಟ್ಟಿಯಾಗಿ ಓದಿ, ಅವರು ಎಲ್ಲಿ ಮುಖ ಸಿಂಡರಿಸುತ್ತಾರೋ ಅಲ್ಲಿ ಗೆರೆ ಎಳೆಯಿರಿ.